ಹೆಸರು ಒಂದು, ಸ್ಪೆಲಿಂಗ್ ನಾಲ್ಕು

(ಮಂಡ್ಯದಲ್ಲಿ ಪೋಷಕರು ಮತ್ತು ಹಿರಿಯರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಮೊದಲು ಈ ಬೋರ್ಡ್ ನೋಡಿ. ಗೀತಾ ಅಂತ ಕನ್ನಡದಲ್ಲಿ ಬರೆದಿದ್ದೇನೆ. ಎರಡೇ ಅಕ್ಷರ. ಒಂದನೇ ಕ್ಲಾಸಿನ ಮಗು ಕೂಡ ತಪ್ಪಿಲ್ಲದೆ ಓದುತ್ತದೆ. ಈಗ ನಿಮ್ಮ ಚೀಟಿಯಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ. ಪಕ್ಕದವರ ಚೀಟಿ ನೋಡಬೇಡಿ.

ಬರೆದಾಯ್ತಾ? Geetha ಅಂತ ಬರೆದವರು ಕೈ ಎತ್ತಿ. ಜಾಸ್ತಿ ಜನ ಇದ್ದೀರಿ. Geeta? ಆ ಕಡೆ ಐದಾರು ಜನ. Gita? ಇಬ್ಬರು. Githa? ಒಬ್ಬರು ಇದ್ದಾರೆ. ನಾಲ್ಕು ಸ್ಪೆಲಿಂಗ್ ಬಂತು. ಯಾರದು ತಪ್ಪು ಹೇಳಿ ನೋಡೋಣ.

ಯಾರದೂ ತಪ್ಪಲ್ಲ. ಇವತ್ತಿನ ಮಾತೆಲ್ಲ ಇದರ ಸುತ್ತಲೇ ಇದೆ. ಕನ್ನಡದ ಹೆಸರಿಗೆ ಇಂಗ್ಲಿಷಿನಲ್ಲಿ ಸರಿಯಾದ ಸ್ಪೆಲಿಂಗ್ ಅಂತ ಒಂದಿಲ್ಲ. ಆದರೆ ಪಾಸ್‌ಪೋರ್ಟ್ ಕೌಂಟರಿನಲ್ಲಿ, ಬ್ಯಾಂಕಿನಲ್ಲಿ, ವಿಮಾನದ ಬಾಗಿಲಲ್ಲಿ ಕೂತವರು ಹೆಸರು ಸರಿಯಾಗಿದೆಯಾ ಅಂತ ನೋಡುವುದಿಲ್ಲ. ಎರಡು ಕಾಗದದಲ್ಲಿ ಒಂದೇ ಥರ ಇದೆಯಾ ಅಂತ ನೋಡುತ್ತಾರೆ. ಅವರು ಕೇಳುವುದು ಒಂದು, ನಾವು ತಲೆ ಕೆಡಿಸಿಕೊಳ್ಳುವುದು ಇನ್ನೊಂದು.

ನಾನು ಪ್ರೌಢಶಾಲೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ವರ್ಷ ವರ್ಷ ಹತ್ತನೇ ಕ್ಲಾಸಿನ ಮಕ್ಕಳ ಹೆಸರಿನ ಪಟ್ಟಿಯನ್ನು, ಅಂದರೆ ನಾಮಿನಲ್ ರೋಲನ್ನು, ಟೈಪ್ ಮಾಡಿ ಮಂಡಳಿಗೆ ಕಳಿಸುತ್ತಿದ್ದೆ. ಹಾಜರಿ ಪುಸ್ತಕದಲ್ಲಿ ಹೆಸರು ಕನ್ನಡದಲ್ಲಿ ಇರುತ್ತಿತ್ತು. ಇಂಗ್ಲಿಷಿಗೆ ತರುವುದು ನನ್ನ ಕೆಲಸ. ಯಾವ ಮಗುವನ್ನೂ ಕರೆದು, ನಿನ್ನ ಹೆಸರು ಹೇಗೆ ಬರೀತೀಯಮ್ಮ ಅಂತ ನಾನು ಕೇಳಲಿಲ್ಲ. ಎಷ್ಟೋ ವರ್ಷದ ಮೇಲೆ ಒಬ್ಬ ಹೆಣ್ಣುಮಗಳು ಅಂಕಪಟ್ಟಿ ಹಿಡಿದುಕೊಂಡು ಬಂದಳು. "ಸಾರ್, ನಾನು ಯಾವತ್ತೂ ಸಹಿ ಮಾಡೋದು Sujata ಅಂತ. ಇದರಲ್ಲಿ Sujatha ಇದೆ. ಬ್ಯಾಂಕಿನವರು ಒಪ್ಪುತ್ತಿಲ್ಲ" ಅಂದಳು. ಆ h ನಾನು ಹಾಕಿದ್ದು. ಅವತ್ತಿನಿಂದ ಈ ವಿಷಯ ನನ್ನ ತಲೆಯಿಂದ ಇಳಿದಿಲ್ಲ. ನಿವೃತ್ತಿ ಆದ ಮೇಲೆ ಯಾರಾದರೂ ಫಾರಂ ತಂದರೆ ಮೊದಲು ಹೆಸರಿನ ಸಾಲೇ ನೋಡುತ್ತೇನೆ.

ಈ h ಎಲ್ಲಿಂದ ಬಂತು ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಅರ್ಧ ತೊಂದರೆ ಇದೊಂದರಲ್ಲೇ ಇದೆ.

ನಮ್ಮಲ್ಲಿ ಟ, ಠ, ತ, ಥ ಅಂತ ನಾಲ್ಕು ಅಕ್ಷರ. ಇಂಗ್ಲಿಷಿನಲ್ಲಿ ಇರುವುದು t ಒಂದೇ. ದಕ್ಷಿಣದವರು ಬಹಳ ಹಿಂದೆಯೇ ಒಂದು ಉಪಾಯ ಮಾಡಿಕೊಂಡರು. ಟ ಬಂದರೆ t, ತ ಬಂದರೆ th. ಪಟೇಲ Patel, ಲತಾ Latha. ನಮ್ಮ ಕಿವಿಗೆ ಟ ಬೇರೆ, ತ ಬೇರೆ. ಅದನ್ನು ಬೇರೆಯಾಗಿ ತೋರಿಸಬೇಕಿತ್ತು, ತೋರಿಸಿದರು. ಉತ್ತರದವರು ಬೇರೆ ದಾರಿ ಹಿಡಿದರು. ಅವರಿಗೆ ತ ಅಂದರೆ t, ಥ ಅಂದರೆ th. ಅದಕ್ಕೇ ಅಲ್ಲಿ Lata, Gita. ಎರಡು ದಾರಿಯೂ ಸರಿ. ಆದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿದಾಗ ಎಡವಟ್ಟು ಆಗುತ್ತದೆ.

ಈಗ ಓದುವವರು ಮನುಷ್ಯರಷ್ಟೇ ಅಲ್ಲ, ಕಂಪ್ಯೂಟರ್ ಕೂಡ ಓದುತ್ತದೆ. ಆಧಾರ್ ಕೇಂದ್ರದಲ್ಲಿ ಆಪರೇಟರ್ ಇಂಗ್ಲಿಷಿನಲ್ಲಿ Geetha ಅಂತ ಟೈಪ್ ಮಾಡುತ್ತಾರೆ. ಕೆಳಗಿನ ಸಾಲಿನಲ್ಲಿ ಕನ್ನಡ ತಾನಾಗಿ ಮೂಡುತ್ತದೆ. th ಕಂಡ ಕೂಡಲೇ ಅದು ಥ ಹಾಕಿಬಿಡಬಹುದು. ಗೀತಾ ಹೋಗಿ ಗೀಥಾ ಆಗುತ್ತದೆ. ಸುನಿತಾ ಸುನಿಥಾ, ಕಾಂತರಾಜು ಕಂಥರಾಜು. ನಿಮ್ಮ ಆಧಾರ್ ಕಾರ್ಡ್ ಈಗ ಜೇಬಿನಲ್ಲಿ ಇದ್ದರೆ ತೆಗೆದು ನೋಡಿ. ಇಂಗ್ಲಿಷ್ ಬಿಡಿ, ಕನ್ನಡದ ಸಾಲು ಓದಿ. ಅಪ್ಪ ಅಮ್ಮ ಇಟ್ಟ ಹೆಸರು ಅಲ್ಲಿ ಹಾಗೇ ಇದೆಯಾ?

ನೋಡಿ, ಮೂರು ಜನ ಆಗಲೇ ತಲೆ ಅಲ್ಲಾಡಿಸುತ್ತಿದ್ದೀರಿ. ನಮ್ಮದೇ ಊರಿನಲ್ಲಿ, ನಮ್ಮದೇ ಭಾಷೆಯಲ್ಲಿ, ನಮ್ಮ ಹೆಸರು ಇಂಗ್ಲಿಷಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಬೇರೆ ಆಗಿದೆ. ನನಗೆ ನಿಜವಾಗಿ ಸಂಕಟ ಆಗುವುದು ಇಲ್ಲಿ. ಆ ಕನ್ನಡದ ಸಾಲನ್ನು ಆಪರೇಟರ್ ಕೈಯಲ್ಲೇ ತಿದ್ದಬಹುದು. ನಾವು ಹೇಳಬೇಕು, ಅಷ್ಟೇ.

ಇನ್ನು ಉಳಿದ ಕಾರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಲ ಮತ್ತು ಳ, ನ ಮತ್ತು ಣ ಇಂಗ್ಲಿಷಿನಲ್ಲಿ ಒಂದೇ. ದೀರ್ಘಕ್ಕೆ ಒಬ್ಬರು ee ಹಾಕುತ್ತಾರೆ, ಒಬ್ಬರು i ಹಾಕುತ್ತಾರೆ. ಕ್ಷಕ್ಕೆ ksh ಕೂಡ ಉಂಟು, x ಕೂಡ ಉಂಟು. ಮಂಜುನಾಥ ಅನ್ನುವುದರ ಕೊನೆಯ a ಕೆಲವರಿಗೆ ಬೇಕು, ಕೆಲವರಿಗೆ ಬೇಡ. ಗೌಡ ನಮ್ಮ ಕಡೆ Gowda, ಉತ್ತರ ಕರ್ನಾಟಕದ ಕಡೆ ಹೋದರೆ Gouda. ಇನ್ನು ನಮ್ಮ ಮಂಡ್ಯದ ಮಾತಿನದೇ ಒಂದು ಇದೆ. ನಾವು ಆಡುವಾಗ ಹಕಾರ ಬಿಟ್ಟುಬಿಡುತ್ತೇವೆ. ಹನುಮಂತ ಅನ್ನುವವರು ಕೌಂಟರಿನಲ್ಲಿ "ಅನ್ಮಂತ" ಅಂತಾರೆ. ಬರೆಯುವವರು ಬೇರೆ ಊರಿನವರಾದರೆ ಕೇಳಿದ ಹಾಗೆ Anumantha ಅಂತ ಬರೆಯುತ್ತಾರೆ. ಆಡುವವರದೂ ತಪ್ಪಲ್ಲ, ಬರೆದವರದೂ ತಪ್ಪಲ್ಲ. ಹೆಸರು ಕೇಳಿಸಿಕೊಂಡು ಬರೆಯುವ ಪದ್ಧತಿಯೇ ತಪ್ಪು. ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಇದು ಆಗುತ್ತಿರಲಿಲ್ಲ.

ಅಕ್ಷರದ ಕಥೆ ಇಷ್ಟು. ಇನ್ನೊಂದು ಕಥೆ ಇನಿಷಿಯಲ್‌ದು. ವಿದೇಶಕ್ಕೆ ಹೋಗುವವರಿಗೆ ಹೆಚ್ಚು ಪೆಟ್ಟು ಕೊಡುವುದು ಇದು.

ನಮ್ಮ ಕಡೆ ಮನೆತನದ ಹೆಸರು ಅಂತ ಬಹಳ ಜನಕ್ಕೆ ಇಲ್ಲ. ಊರಿನ ಮೊದಲ ಅಕ್ಷರ, ಅಪ್ಪನ ಮೊದಲ ಅಕ್ಷರ, ಆಮೇಲೆ ನಮ್ಮ ಹೆಸರು. ಕೆ. ಟಿ. ಗೀತಾ ಅಂದರೆ ಕೆರಗೋಡು ತಿಮ್ಮೇಗೌಡರ ಮಗಳು ಗೀತಾ. ನಮಗೆ ಇದು ಬಹಳ ಚೆನ್ನಾಗಿ ಅರ್ಥವಾಗುತ್ತದೆ. ಊರು ಗೊತ್ತಾಯಿತು, ಅಪ್ಪ ಗೊತ್ತಾಯಿತು. ಆದರೆ ಪಾಸ್‌ಪೋರ್ಟ್ ಫಾರಂ ಎರಡು ಖಾನೆ ಇಟ್ಟುಕೊಂಡಿದೆ. ಒಂದು Given Name, ಇನ್ನೊಂದು Surname. ಅಲ್ಲಿ ಇನಿಷಿಯಲ್ ಹಾಕುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಲು ಇಷ್ಟವಿಲ್ಲದವರು Surname ಖಾಲಿ ಬಿಡುತ್ತಾರೆ. ಪಾಸ್‌ಪೋರ್ಟ್ ಏನೋ ಬರುತ್ತದೆ. ತೊಂದರೆ ಆಮೇಲೆ ಶುರು.

ಇಲ್ಲೊಂದು ಸೂಕ್ಷ್ಮ ಇದೆ, ಬರೆದುಕೊಳ್ಳಿ. ಒಂದೇ ಪದದ ಹೆಸರು ಇದ್ದವರು ಪಾಸ್‌ಪೋರ್ಟಿನಲ್ಲಿ ಅದನ್ನು Given Name ಖಾನೆಯಲ್ಲಿ ಬರೆಯುತ್ತಾರೆ. ಪ್ಯಾನ್ ಕಾರ್ಡಿನ ಫಾರಂ ಇದಕ್ಕೆ ಉಲ್ಟಾ. ಅಲ್ಲಿ Last Name ಖಾಲಿ ಬಿಡುವ ಹಾಗಿಲ್ಲ, ಒಂದೇ ಪದ ಇದ್ದರೆ ಅದು ಅಲ್ಲಿಗೇ ಹೋಗಬೇಕು. ಆಧಾರಿನಲ್ಲಿ ಈ ಎರಡು ಖಾನೆಯೇ ಇಲ್ಲ, ಪೂರ್ತಿ ಹೆಸರಿಗೆ ಒಂದೇ ಸಾಲು. ಒಬ್ಬರದೇ ಹೆಸರು ಮೂರು ಕಡೆ ಮೂರು ಆಕಾರ. ನಾವು ಏನೂ ತಪ್ಪು ಮಾಡದೆ ಇದ್ದರೂ ಇಷ್ಟು ಗೋಜಲು ಆಗುತ್ತದೆ.

ಈಗ ಒಂದು ಕೇಸ್ ಹೇಳುತ್ತೇನೆ. ಆ ತಾಯಿಯ ನಿಜವಾದ ಹೆಸರು ಹೇಳುವುದಿಲ್ಲ. ಜಯಲಕ್ಷ್ಮಮ್ಮ ಅಂತ ಇಟ್ಟುಕೊಳ್ಳೋಣ, ಯಜಮಾನರು ತಿಮ್ಮೇಗೌಡ. ಮಂಡ್ಯ ತಾಲ್ಲೂಕಿನ ಹಳ್ಳಿಯವರು. ಮಗ ಅಮೆರಿಕದಲ್ಲಿ ಇದ್ದಾನೆ. ಸೊಸೆಗೆ ಹೆರಿಗೆ ಹತ್ತಿರ ಬಂದಿತ್ತು, ಅಮ್ಮ ಬರಬೇಕು ಅಂತ ಮಗ ಹಟ ಹಿಡಿದಿದ್ದ. ಪಾಸ್‌ಪೋರ್ಟ್ ಮಾಡಿಸಿ ಒಂದು ವರ್ಷ ಆಗಿತ್ತು. ವೀಸಾ ಫಾರಂ ತುಂಬಲು ಮಗಳ ಜೊತೆ ನನ್ನ ಹತ್ತಿರ ಬಂದರು.

ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ ಅಂದೆ. ಆಧಾರಿನಲ್ಲಿ Jayalaxmamma, ಅಷ್ಟೇ. ಅದರ ಕನ್ನಡದ ಸಾಲು ಜಯಲಕ್ಸ್ಮಮ್ಮ. ಪಾಸ್‌ಪೋರ್ಟ್ ಆಧಾರ್ ನೋಡಿಕೊಂಡೇ ಮಾಡಿಸಿದ್ದು, ಅದಕ್ಕೆ Given Name ಖಾನೆಯಲ್ಲಿ JAYALAXMAMMA, Surname ಖಾಲಿ. ಪ್ಯಾನ್ ಕಾರ್ಡ್ ಹಳೆಯದು, ಯಾರೋ ತಿಳಿದವರು ತುಂಬಿದ್ದರು. ಅದರಲ್ಲಿ JAYALAKSHMAMMA THIMMEGOWDA. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ Jaya Lakshmamma T, ಮಧ್ಯೆ ಜಾಗ ಬಿಟ್ಟು. ಮಗನ ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ, ಅವನ ಪಾಸ್‌ಪೋರ್ಟಿನಲ್ಲಿ ತಾಯಿಯ ಹೆಸರು Jayalakshmamma.

ಆ ತಾಯಿ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಮುಟ್ಟಿ ನೋಡಿದರು. "ಎಲ್ಲಾ ನಂದೇ ಅಲ್ವಾ?" ಅಂದರು. ಹೌದಮ್ಮ, ಎಲ್ಲಾ ನಿಮ್ಮದೇ ಅಂದೆ.

ಹಾಗೇ ವೀಸಾಗೆ ಹಾಕಿದ್ದರೆ ಏನಾಗುತ್ತಿತ್ತು? ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದರೆ ಅಮೆರಿಕದವರು ಆ ಹೆಸರನ್ನು Surname ಜಾಗಕ್ಕೆ ಹಾಕಿ, Given Name ಜಾಗದಲ್ಲಿ FNU ಅಂತ ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಗೊತ್ತಿರುವ ಹೆಸರು ಒಂದೇ, ಅದನ್ನೇ ಗೊತ್ತಿಲ್ಲ ಅಂದ ಹಾಗಾಯಿತು. ವೀಸಾ ಸಿಗುವುದಕ್ಕೆ ಇದು ಅಡ್ಡಿಯಲ್ಲ. ಆದರೆ ಅಲ್ಲಿಗೆ ಹೋದ ಮೇಲೆ ಆಗುವ ದಾಖಲೆಗಳಲ್ಲಿ ಈ FNU ಹಿಂದೆಯೇ ಬರುತ್ತದೆ. ಎಷ್ಟೋ ಜನ ಹುಡುಗರ ಹೆಸರೇ FNU ಅಂತ ಅಲ್ಲಿಯ ಕಚೇರಿಗಳು ತಿಳಿದುಕೊಂಡಿವೆ. ಕೊಲ್ಲಿ ದೇಶಕ್ಕೆ ಹೋಗುವವರೂ ಹುಷಾರಾಗಿರಬೇಕು. 2022ರ ನವೆಂಬರಿನಲ್ಲಿ ಯುಎಇ ದೇಶ, ಒಂದೇ ಹೆಸರಿರುವ ಪಾಸ್‌ಪೋರ್ಟ್ ಹಿಡಿದು ಭೇಟಿ ವೀಸಾದಲ್ಲಿ ಬರುವವರನ್ನು ಬಿಡುವುದಿಲ್ಲ ಅಂದಿತು. ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆಗಬಹುದು ಅಂತ ಸ್ವಲ್ಪ ಸಡಿಲಿಸಿತು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಗಾಬರಿ ಆಗಿರಬೇಕು ನೀವೇ ಯೋಚಿಸಿ.

ಅದಕ್ಕೆ ವೀಸಾ ಫಾರಂ ಅಲ್ಲಿಗೇ ನಿಲ್ಲಿಸಿದೆವು. ಮೊದಲು ಹೆಸರು, ಆಮೇಲೆ ವೀಸಾ.

ಯಾವ ಸ್ಪೆಲಿಂಗ್ ಇಟ್ಟುಕೊಳ್ಳುವುದು ಅನ್ನುವುದೇ ಮೊದಲ ಪ್ರಶ್ನೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಏನು ಅಂದರೆ, ಉಚ್ಚಾರಕ್ಕೆ ಹತ್ತಿರ ಇರುವುದನ್ನು ಹುಡುಕುತ್ತಾರೆ. ಇಲ್ಲ ಜಾತಕದ ಲೆಕ್ಕ ನೋಡಿ ಒಂದು a ಸೇರಿಸುತ್ತಾರೆ. ನಾನು ಹೇಳುವುದು ಬೇರೆ. ನಿಮ್ಮ ಕಾಗದಗಳಲ್ಲಿ ತಿದ್ದಿಸುವುದು ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು ನೋಡಿ. ಅದರಲ್ಲಿ ಇರುವುದೇ ನಿಮ್ಮ ಸ್ಪೆಲಿಂಗ್. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಲಿ.

ಹತ್ತನೇ ಕ್ಲಾಸ್ ಓದಿದವರಿಗೆ ಅದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅಂಕಪಟ್ಟಿ ಹಿಡಿದುಕೊಂಡು ಬಂದಿದ್ದಳಲ್ಲ ಸುಜಾತಾ, ಆ ಹೆಣ್ಣುಮಗಳಿಗೆ ನಾನು ಹೇಳಿದ್ದೂ ಇದನ್ನೇ. ಅಂಕಪಟ್ಟಿ ತಿದ್ದಿಸಬೇಕಾದರೆ ಶಾಲೆಯ ಮುಖ್ಯ ಶಿಕ್ಷಕರ ಮೂಲಕ ಮಂಡಳಿಗೆ ಹೋಗಬೇಕು, ದಾಖಲಾತಿ ರಿಜಿಸ್ಟರ್ ತೆಗೆಸಬೇಕು. ಹಾಗೆ ತಿದ್ದಿಸಿದರೂ ಪಿಯುಸಿ, ಡಿಗ್ರಿ ಎಲ್ಲ ಅದೇ h ಇಟ್ಟುಕೊಂಡು ಕೂತಿರುತ್ತವೆ. ಬ್ಯಾಂಕಿನಲ್ಲಿ ಸಹಿ ಬದಲಿಸುವುದು ಒಂದು ದಿನದ ಕೆಲಸ. ಅವಳು h ಉಳಿಸಿಕೊಂಡು ಬೇರೆಯದನ್ನು ಬದಲಿಸಿದಳು. ನನ್ನ ಮೇಲೆ ಕೋಪ ಇತ್ತೋ ಇಲ್ಲವೋ, ತೋರಿಸಲಿಲ್ಲ.

ಜಯಲಕ್ಷ್ಮಮ್ಮ ಹತ್ತನೇ ಕ್ಲಾಸ್ ಓದಿರಲಿಲ್ಲ. ಅವರದೇ ಅಂಕಪಟ್ಟಿ ಇಲ್ಲ. ಆದರೆ ಮಗನ ಅಂಕಪಟ್ಟಿ ಇದೆ, ಮಗನ ಪಾಸ್‌ಪೋರ್ಟ್ ಇದೆ, ಅವು ಅಮೆರಿಕದಲ್ಲಿ ಹತ್ತು ಕಡೆ ದಾಖಲಾಗಿವೆ. ಅದರಲ್ಲೆಲ್ಲ ksh ಇದೆ. ಇವರು ಅವನ ತಾಯಿ ಅಂತ ತೋರಿಸಬೇಕಾದ್ದೂ ಅದೇ ಕಾಗದಗಳಿಂದ. ಪ್ಯಾನ್ ಕಾರ್ಡಿನಲ್ಲೂ ksh ಇದೆ. ಆದ್ದರಿಂದ x ಹೋಗಬೇಕು, ksh ಉಳಿಯಬೇಕು ಅಂತ ಆಯಿತು. ಎರಡನೇ ಹೆಸರಿಗೆ ಪ್ಯಾನಿನಲ್ಲಿ ಇದ್ದ THIMMEGOWDA ಒಂದೇ ಪದವಾಗಿ. ಹೊಸದಾಗಿ ಏನನ್ನೂ ಹುಟ್ಟಿಸಲಿಲ್ಲ, ಇದ್ದದ್ದರಲ್ಲೇ ಆರಿಸಿಕೊಂಡೆವು.

ಇನ್ನು ಯಾವುದು ಮೊದಲು, ಯಾವುದು ಆಮೇಲೆ. ಸುಮ್ನೆ ಎಲ್ಲಾ ಕಡೆ ಒಟ್ಟಿಗೆ ಅರ್ಜಿ ಹಾಕಿದರೆ ಒಂದಕ್ಕೊಂದು ಕೊಕ್ಕೆ ಬೀಳುತ್ತದೆ. ಆಧಾರ್ ತಿದ್ದಲು ಬೇರೆ ಗುರುತಿನ ಚೀಟಿ ಕೇಳುತ್ತಾರೆ, ಬೇರೆ ಗುರುತಿನ ಚೀಟಿ ತಿದ್ದಲು ಆಧಾರ್ ಕೇಳುತ್ತಾರೆ. ಎಲ್ಲೋ ಒಂದು ಕಡೆ ಸರಿಯಾದ ಹೆಸರು, ಫೋಟೋ ಎರಡೂ ಇರುವ ಕಾಗದ ಸಿಗಬೇಕು. ಇವರ ಪುಣ್ಯಕ್ಕೆ ಪ್ಯಾನ್ ಕಾರ್ಡ್ ಸಿಕ್ಕಿತು. ನಿಮ್ಮ ಹತ್ತಿರ ಪ್ಯಾನ್ ಇಲ್ಲದೆ ಇದ್ದರೆ ಮತದಾರರ ಗುರುತಿನ ಚೀಟಿ ನೋಡಿ. ಅದರಲ್ಲಿ ತಿದ್ದಬೇಕಾದರೆ ನಮೂನೆ 8 ಅಂತ ಇದೆ, ಅದನ್ನು ತುಂಬಬೇಕು.

ಪ್ಯಾನ್ ಹಿಡಿದುಕೊಂಡು ಆಧಾರ್ ಕೇಂದ್ರಕ್ಕೆ ಹೋದೆವು. ಇಲ್ಲಿ ಒಂದು ಮಾತು ನೆನಪಿಡಿ. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ 2 ಸಲ ಮಾತ್ರ ಅವಕಾಶ. ಅದು ಮುಗಿದ ಮೇಲೆ ಪ್ರಾದೇಶಿಕ ಕಚೇರಿಯವರೆಗೆ ಹೋಗಿ ಕಾರಣ ಕೊಡಬೇಕು. ಆತುರದಲ್ಲಿ ಒಂದು ಸಲ h ಸೇರಿಸಿ, ಇನ್ನೊಂದು ಸಲ ತೆಗೆಸಿ ಎರಡನ್ನೂ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಅದಕ್ಕೆ ಸ್ಪೆಲಿಂಗ್ ತೀರ್ಮಾನ ಮನೆಯಲ್ಲೇ ಆಗಬೇಕು, ಕೌಂಟರಿನಲ್ಲಿ ಅಲ್ಲ.

ಹೆಸರು, ಯಜಮಾನರ ಹೆಸರು, ಎರಡನ್ನೂ ಕನ್ನಡದಲ್ಲಿ, ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಕೇಂದ್ರದಲ್ಲಿ ಆಪರೇಟರ್ ಟೈಪ್ ಮಾಡುವುದು ನಮಗೂ ಕಾಣುವ ಹಾಗೆ ನಮ್ಮ ಕಡೆಗೆ ಒಂದು ಪರದೆ ಇರಬೇಕು. ಇಲ್ಲದಿದ್ದರೆ ತೋರಿಸಿ ಅಂತ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ನಾನು ಅವರ ಮಗಳಿಗೆ ಹೇಳಿದ್ದು ಒಂದೇ. ಹೆಸರನ್ನು ಒಟ್ಟಿಗೆ ಓದಬೇಡ, ಕೊನೆಯಿಂದ ಓದು. A, M, M, A, M, H, S, K ಅಂತ ಹಿಂದಿನಿಂದ ಒಂದೊಂದೇ ಅಕ್ಷರ ಚೀಟಿಗೆ ತಾಳೆ ಹಾಕು. ಮುಂದಿನಿಂದ ಓದಿದರೆ ಕಣ್ಣು ಗೊತ್ತಿರುವ ಹೆಸರನ್ನೇ ಓದಿಬಿಡುತ್ತದೆ, ಬಿಟ್ಟುಹೋದ ಒಂದು m ಕಾಣುವುದಿಲ್ಲ. ಟೈಪಿಂಗ್ ಕಲಿಯುವಾಗ ನಮ್ಮ ಮೇಷ್ಟ್ರು ಹೇಳಿಕೊಟ್ಟ ಪಾಠ ಇದು. ಮೊದಲ ಸಲ ನಿಜವಾಗಿಯೂ ಒಂದು m ಬಿಟ್ಟುಹೋಗಿತ್ತು, JAYALAKSHMAMA ಅಂತ. ಮಗಳು ಹಿಡಿದಳು. ಕನ್ನಡದ ಸಾಲನ್ನೂ ಕೈಯಲ್ಲಿ ತಿದ್ದಿಸಿದಳು. ರಸೀದಿ ಕೊಟ್ಟಾಗ ಅಲ್ಲೇ ನಿಂತು ಮತ್ತೊಮ್ಮೆ ಓದಿ, ಆಮೇಲೆ ಹೊರಟರು.

ಆಧಾರ್ ಹೊಸ ಹೆಸರಿನಲ್ಲಿ ಬಂದ ಮೇಲೆ ಪಾಸ್‌ಪೋರ್ಟ್. ಇರುವ ಪಾಸ್‌ಪೋರ್ಟಿನಲ್ಲಿ ಅಕ್ಷರ ತಿದ್ದಿ ಕೊಡುವುದು ಅಂತ ಇಲ್ಲ. ಹೊಸ ಪುಸ್ತಕವೇ ಬರಬೇಕು. ಅರ್ಜಿಯಲ್ಲಿ Re-issue ಆರಿಸಿ, ಕಾರಣದ ಜಾಗದಲ್ಲಿ Change in Existing Personal Particulars ಅನ್ನುವುದನ್ನು ಗುರುತು ಮಾಡಬೇಕು. ಯಾವ ಯಾವ ದಾಖಲೆ ಬೇಕು ಅನ್ನುವುದು ಎಷ್ಟು ಬದಲಾಗುತ್ತಿದೆ ಅನ್ನುವುದರ ಮೇಲೆ ನಿಂತಿದೆ. ಉಚ್ಚಾರ ಬದಲಾಗದ ಒಂದೆರಡು ಅಕ್ಷರದ ತಿದ್ದುಪಡಿ ಒಂದು, ಹೆಸರೇ ಬದಲಾಗುವುದು ಇನ್ನೊಂದು. ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲಿ Document Advisor ಅಂತ ಒಂದಿದೆ. ನಿಮ್ಮ ವಿಷಯ ಒತ್ತುತ್ತಾ ಹೋದರೆ ನಿಮಗೆ ಬೇಕಾದ ಪಟ್ಟಿ ಅದೇ ಕೊಡುತ್ತದೆ. ಏಜೆಂಟರನ್ನು ಕೇಳುವ ಮೊದಲು ಅದನ್ನು ನೋಡಿ.

ಇವರದು x ಹೋಗಿ ksh ಬರುವುದರ ಜೊತೆಗೆ ಎರಡನೇ ಹೆಸರು ಸೇರುವುದೂ ಇತ್ತು. ಅಕ್ಷರ ತಿದ್ದುವುದಕ್ಕಿಂತ ಅದು ದೊಡ್ಡ ಬದಲಾವಣೆ. ಅದಕ್ಕೆ ನೋಟರಿ ಮಾಡಿಸಿದ ಅಫಿಡವಿಟ್, ಒಂದು ಕನ್ನಡ ಮತ್ತು ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಕೊಟ್ಟ ಪ್ರಕಟಣೆ, ಇವನ್ನೂ ಕಡತದಲ್ಲಿ ಇಟ್ಟುಕೊಂಡೇ ಹೋದೆವು. ಮೈಸೂರಿಗೆ ಹೋದದ್ದು. ನಿಮಗೆ ಗೊತ್ತಿರಬಹುದು, ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಅನ್ನುವುದು ದೇಶದಲ್ಲಿ ಮೊದಲು ಶುರುವಾದದ್ದು 2017ರ ಜನವರಿಯಲ್ಲಿ, ಗುಜರಾತಿನ ದಾಹೋದಿನಲ್ಲಿ ಮತ್ತು ನಮ್ಮ ಮೈಸೂರಿನಲ್ಲಿ. ಅದಕ್ಕೆ ಮುಂಚೆ ನಮ್ಮ ಕಡೆಯವರು ಬೆಂಗಳೂರಿಗೇ ಬಸ್ ಹತ್ತಬೇಕಿತ್ತು.

ಅಫಿಡವಿಟ್ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. "ಈ ಎರಡೂ ಹೆಸರಿನವರು ಒಬ್ಬರೇ" ಅಂತ ಸ್ಟಾಂಪ್ ಪೇಪರಿನಲ್ಲಿ ಬರೆಸಿಕೊಂಡು, ಅದನ್ನೇ ಎಲ್ಲಾ ಕಡೆ ತೋರಿಸುತ್ತಾ ಓಡಾಡುವವರು ಬಹಳ ಜನ ಇದ್ದಾರೆ. ಅದು ಹೊಳೆಗೆ ಹಾಕಿದ ಹಲಗೆ ಇದ್ದ ಹಾಗೆ. ಒಂದು ಸಲ ದಾಟಬಹುದು. ಮುಂದಿನ ಕಚೇರಿಯಲ್ಲಿ ಮತ್ತೆ ಹೊಸ ಹಲಗೆ ಕೇಳುತ್ತಾರೆ. ಅಫಿಡವಿಟ್ ಇಟ್ಟುಕೊಂಡು ಕಾಗದ ತಿದ್ದಿಸಿ, ತಿದ್ದಿಸುವ ಬದಲಿಗೆ ಅಫಿಡವಿಟ್ ಇಟ್ಟುಕೊಳ್ಳಬೇಡಿ.

ಪಾಸ್‌ಪೋರ್ಟ್ ಬಂತು. ಬಂದ ಕೂಡಲೇ ಫೋಟೋ ಇರುವ ಪುಟದ ತಳ ನೋಡಿ ಅಂದೆ. ಅಲ್ಲಿ ಎರಡು ಸಾಲು ಮಷೀನ್ ಓದುವ ಅಕ್ಷರ ಇರುತ್ತದೆ. ಮೊದಲ ಸಾಲು ಹೀಗಿತ್ತು.

```
P<INDTHIMMEGOWDA<<JAYALAKSHMAMMA<<<<<<<<<<<<
```

ವಿಮಾನ ನಿಲ್ದಾಣದಲ್ಲಿ ಮಷೀನ್ ಓದುವುದು ಇದನ್ನು. P ಅಂದರೆ ಪಾಸ್‌ಪೋರ್ಟ್, IND ಅಂದರೆ ಭಾರತ. ಆಮೇಲೆ Surname, ಎರಡು ಬಾಣ, ಆಮೇಲೆ Given Name. ಸಾಲಿನಲ್ಲಿ ಒಟ್ಟು 44 ಜಾಗ, ಹೆಸರಿಗೆ ಸಿಗುವುದು 39. ಇವರ ಎರಡು ಹೆಸರೂ ಸೇರಿ 25 ಅಕ್ಷರ, ಮಧ್ಯದ ಬಾಣ ಎರಡು. ಉಳಿದ ಹನ್ನೆರಡು ಜಾಗ ಬಾಣ ತುಂಬಿದೆ. ಊರು, ಅಜ್ಜ, ಅಪ್ಪ ಎಲ್ಲರನ್ನೂ ಬಿಡಿಸಿ ಬರೆಯುವ ಆಸೆ ಇರುವವರು ಈ 39 ನೆನಪಿಡಿ. ಮೀರಿದರೆ ಆ ಸಾಲಿನಲ್ಲಿ ಹೆಸರು ಮೊಟಕಾಗುತ್ತದೆ. ಇನ್ನೊಂದು ವಿಷಯ, ಈ ಸಾಲಿನಲ್ಲಿ ಹೆಸರು ಬರೆಯಲು A ಯಿಂದ Z ವರೆಗಿನ ಅಕ್ಷರ ಮಾತ್ರ. ದೀರ್ಘಕ್ಕೆ ಮೇಲೆ ಗೆರೆ, ಳಕ್ಕೆ ಕೆಳಗೆ ಚುಕ್ಕೆ ಹಾಕುವ ಪದ್ಧತಿ ಪುಸ್ತಕಗಳಲ್ಲಿ ಇದೆ, ಅದು ಇಲ್ಲಿ ನಡೆಯುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ವೀಸಾ, ಆಮೇಲೆ ಟಿಕೆಟ್. ಟಿಕೆಟಿನಲ್ಲಿ ಮತ್ತೆ ಒಂದು ಪೆಟ್ಟು ಬಿತ್ತು. ಟಿಕೆಟ್ ಮಾಡಿಸಿದ ಕಡೆ ಅವರ ರೂಢಿಯಂತೆ Gowda ಕಂಡ ಕೂಡಲೇ ಅದನ್ನೇ Surname ಮಾಡಿದ್ದರು. GOWDA ಆ ಕಡೆ, JAYALAKSHMAMMA THIMME ಈ ಕಡೆ. ಅಕ್ಷರ ಒಂದೂ ತಪ್ಪಿಲ್ಲ. ಆದರೆ ಪಾಸ್‌ಪೋರ್ಟಿನ Surname ಬೇರೆ, ಟಿಕೆಟಿನ Surname ಬೇರೆ. ಮಗಳು ಸಂಜೆಯೇ ಫೋನ್ ಮಾಡಿ ತಿದ್ದಿಸಿದಳು. ಟಿಕೆಟ್ ಬಂದ ಗಂಟೆಯಲ್ಲೇ ಓದುವುದು ಅದಕ್ಕೇ ಮುಖ್ಯ. ಮೊದಲ ದಿನ ಹೇಳಿದರೆ ಅದು ಅಕ್ಷರ ತಿದ್ದುವ ಸಣ್ಣ ಕೆಲಸ. ಹೊರಡುವ ದಿನ ಕೌಂಟರಿನಲ್ಲಿ ಹೇಳಿದರೆ, ಹೆಸರು ಬೇರೆ, ಆಸಾಮಿ ಬೇರೆ ಅನ್ನುವ ಅನುಮಾನಕ್ಕೆ ದಾರಿ.

ಟಿಕೆಟಿನಲ್ಲಿ ಹೆದರಬೇಕಾಗಿಲ್ಲದ್ದೂ ಒಂದಿದೆ. ತಿದ್ದಿದ ಟಿಕೆಟಿನಲ್ಲಿ THIMMEGOWDA/JAYALAKSHMAMMAMRS ಅಂತ ಬಂತು. ಮನೆಯವರು ಮತ್ತೆ ಗಾಬರಿ. ಅದು ತಪ್ಪಲ್ಲ. ಶ್ರೀಮತಿ ಅನ್ನುವ MRS ಹೆಸರಿಗೆ ಅಂಟಿಕೊಂಡು ಬಂದಿದೆ. ವಿಮಾನದ ಟಿಕೆಟ್ ವ್ಯವಸ್ಥೆ ಬಹಳ ಕಡೆ ಜಾಗ ಬಿಡದೆ ಹೀಗೇ ಬರೆಯುತ್ತದೆ. ರೈಲಿನ ಟಿಕೆಟಿನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆ ಆದರೆ ಇಷ್ಟು ರಗಳೆ ಇಲ್ಲ, ಗುರುತಿನ ಚೀಟಿ ನೋಡಿ ಸುಮ್ಮನಾಗುತ್ತಾರೆ.

ಬ್ಯಾಂಕ್ ಕೊನೆಯದು. ಹೊಸ ಆಧಾರ್, ಹಳೆಯ ಪ್ಯಾನ್ ಎರಡೂ ಈಗ ಒಂದೇ ಹೆಸರು ಹೇಳುತ್ತಿದ್ದವು. ಕೆವೈಸಿ ಅರ್ಜಿ ಕೊಟ್ಟರು, Jaya ಮತ್ತು Lakshmamma ನಡುವಿನ ಜಾಗ ಹೋಯಿತು.

ಒಬ್ಬರು ಕೇಳುತ್ತಿದ್ದಾರೆ, ಶಾಲೆಗೆ ಹೋಗುವ ಮಕ್ಕಳಿಗೆ ಏನು ಮಾಡಬೇಕು ಅಂತ. ಒಳ್ಳೆಯ ಪ್ರಶ್ನೆ. ಈಗ ಶಾಲೆಯಲ್ಲಿ ಮಗುವಿನ ವಿವರ ಸ್ಯಾಟ್ಸ್ ಅನ್ನುವ ತಂತ್ರಾಂಶದಲ್ಲಿ ಇರುತ್ತದೆ. ಹತ್ತನೇ ಕ್ಲಾಸಿನ ಪಟ್ಟಿ ಅಲ್ಲಿಂದಲೇ ಹೋಗುತ್ತದೆ. ಮಗುವಿನದಷ್ಟೇ ಅಲ್ಲ, ತಂದೆ ತಾಯಿಯ ಹೆಸರೂ ಹೋಗುತ್ತದೆ. ಮಗು ಎಂಟನೇ ಕ್ಲಾಸಿನಲ್ಲಿ ಇರುವಾಗಲೇ ಶಾಲೆಗೆ ಹೋಗಿ, ಆ ಮೂರು ಹೆಸರು ಒಂದು ಸಲ ತೋರಿಸಿ ಅಂತ ಕೇಳಿ. ನಿಮ್ಮ ಆಧಾರ್, ಮಗುವಿನ ಜನನ ಪ್ರಮಾಣಪತ್ರ ಜೊತೆಗೆ ತೆಗೆದುಕೊಂಡು ಹೋಗಿ. ಆಗ ತಿದ್ದುವುದು ಒಂದು ಅರ್ಜಿಯ ಕೆಲಸ. ಅಂಕಪಟ್ಟಿ ಅಚ್ಚಾದ ಮೇಲೆ ಎಷ್ಟು ಕೆಲಸ ಅಂತ ಈಗಾಗಲೇ ಹೇಳಿದ್ದೇನೆ. ಗುಮಾಸ್ತರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ನನ್ನನ್ನು ಯಾರೂ ಹಾಗೆ ಬಂದು ಕೇಳಲಿಲ್ಲ, ಕೇಳಿದ್ದರೆ ಎಷ್ಟೋ ಒಳ್ಳೆಯದಾಗುತ್ತಿತ್ತು.

ಹಿಂದಿನ ಸಾಲಿನಲ್ಲಿ ಅಜ್ಜಿ ಕೈ ಎತ್ತಿದ್ದಾರೆ. ಮೊಮ್ಮಗಳು ಹುಟ್ಟಿ ಎರಡು ತಿಂಗಳು, ಜ್ಞಾನವಿ ಅಂತ ಹೆಸರು ಇಡಬೇಕು ಅಂತಿದ್ದಾರಂತೆ. ಬಹಳ ಒಳ್ಳೆಯ ಹೆಸರಮ್ಮ. ಅವಸರ ಬೇಡ. ಜನನ ನೋಂದಣಿ ಆಗಿ, ಹೆಸರಿನ ಜಾಗ ಖಾಲಿ ಇದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ ಆದರೆ ತಡದ ಶುಲ್ಕ ಕಟ್ಟಿ, 15 ವರ್ಷದವರೆಗೂ ಸೇರಿಸಬಹುದು. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ, ಆಧಾರಿಗೆ, ಪಾಸ್‌ಪೋರ್ಟಿಗೆ ಎಲ್ಲಕ್ಕೂ ಬುಡ ಈ ಜನನ ಪ್ರಮಾಣಪತ್ರವೇ. ನಿಮ್ಮ ಮೊಮ್ಮಗಳಿಗೆ ತಿದ್ದಿಸಲು ಅತಿ ಕಷ್ಟವಾದ ಕಾಗದ ಅಂದರೆ ಅದು. ಅದಕ್ಕೆ ಸ್ಪೆಲಿಂಗ್ ಈಗಲೇ ತೀರ್ಮಾನ ಮಾಡಿ.

ಬನ್ನಿ, ಬೋರ್ಡಿನ ಹತ್ತಿರ ಬನ್ನಿ. ಜ್ಞಕ್ಕೆ ಮೂರು ದಾರಿ ಇದೆ. Jnanavi, Gnanavi, Gyanavi. ಮೂರನೆಯದು ಹಿಂದಿಯವರು ಹೇಳುವ ಉಚ್ಚಾರ, ನಿಮ್ಮ ಮನೆಯಲ್ಲಿ ಹಾಗೆ ಕರೆಯುವುದಿಲ್ಲ, ಅಲ್ವಾ? ಅದು ಬಿಡೋಣ. ಉಳಿದ ಎರಡರಲ್ಲಿ ಯಾವುದಾದರೂ ಆಗಬಹುದು, ಒಂದೇ ಆಗಬೇಕು. ಮಗಳನ್ನು, ಅಳಿಯನನ್ನು ಕೇಳಿ. ಅವರು ಒಪ್ಪಿದ್ದನ್ನು ಈ ಕಾಗದದಲ್ಲಿ ಕನ್ನಡದಲ್ಲಿ ಒಂದು ಸಾಲು, ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಬರೆಯಿರಿ. ಅದರ ಕೆಳಗೆ ಅಪ್ಪನ ಹೆಸರು, ಅಮ್ಮನ ಹೆಸರು, ಅವರ ಆಧಾರಿನಲ್ಲಿ ಹೇಗಿದೆಯೋ ಹಾಗೇ. ಪಾಸ್‌ಪೋರ್ಟ್ ಮಾಡಿಸುವ ಕಾಲಕ್ಕೆ ಖಾಲಿ ಬಿಡಬೇಕಾಗಿ ಬರಬಾರದು ಅಂತಿದ್ದರೆ, ಎರಡನೇ ಹೆಸರೂ ಈಗಲೇ ಸೇರಲಿ.

ಪೆನ್ನು ಇಲ್ಲಿದೆ, ತಗೊಳ್ಳಿ. ಉಳಿದವರಿಗೂ ಒಂದೊಂದು ಕಾಗದ ಕೊಡುತ್ತೇನೆ. ನಿಮ್ಮ ಹೆಸರೂ ಹಾಗೇ ಬರೆಯಿರಿ, ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್.